ಪೆರಾಕ್ಸೈಡ್ ಗ್ರಾಫ್: ಕ್ಯಾಟಲಿಸ್ಟ್ ಹಾಕಿದರೆ ಯಾವ ಗೆರೆ ಇಳಿಯುತ್ತದೆ, ಯಾವುದು ಇಳಿಯುವುದಿಲ್ಲ?

ಪ್ರಶ್ನೆ, ದ್ವಿತೀಯ ಪಿಯು ವಿದ್ಯಾರ್ಥಿನಿ:
ಹೈಡ್ರೋಜನ್ ಪೆರಾಕ್ಸೈಡ್ ಒಡೆದು ನೀರು ಮತ್ತು ಆಮ್ಲಜನಕ ಆಗುವುದರ ಎನರ್ಜಿ ಗ್ರಾಫ್ ಬರೆಯಲು ಹೇಳಿದ್ದರು. ಕ್ಯಾಟಲಿಸ್ಟ್ ಇಲ್ಲದ್ದು ಒಂದು ಗೆರೆ, ಇರುವುದು ಇನ್ನೊಂದು. ನಾನು ಎರಡನೆಯ ಗೆರೆಯ ಕೊನೆಯನ್ನೂ ಕೆಳಗೆ ಎಳೆದೆ. ಅಂಕ ಹೋಯಿತು. ಆದರೆ ಲ್ಯಾಬಿನಲ್ಲಿ 6% ಪೆರಾಕ್ಸೈಡಿಗೆ ಪೊಟ್ಯಾಸಿಯಂ ಅಯೋಡೈಡ್ ಹಾಕಿದಾಗ ಬೀಕರ್ ಮುಟ್ಟಲು ಆಗದಷ್ಟು ಬಿಸಿಯಾಯಿತು. ಹಾಕದ ಬೀಕರ್ ತಣ್ಣಗೇ ಇತ್ತು. ಅಂದರೆ ಕ್ಯಾಟಲಿಸ್ಟ್‌ನಿಂದ ಜಾಸ್ತಿ ಶಾಖ ಬಂತು ಅಲ್ವಾ? ಹಾಗಾದರೆ ಕೊನೆ ಇನ್ನೂ ಕೆಳಗೆ ಇರಬೇಕಲ್ಲ?

ಬಿ.ಎಸ್ಸಿ. ವಿದ್ಯಾರ್ಥಿ:
ಇಲ್ಲ. ಶುರು ಮತ್ತು ಕೊನೆ ಎರಡೂ ಹಾಗೇ ಇರುತ್ತವೆ, ಮಧ್ಯದ ಗುಡ್ಡ ಮಾತ್ರ ತಗ್ಗುತ್ತದೆ. ಕ್ಯಾಟಲಿಸ್ಟ್ ತನ್ನ ಶಕ್ತಿಯಲ್ಲಿ ಸ್ವಲ್ಪ ಕೊಟ್ಟು ಅಣುಗಳನ್ನು ಮೇಲಕ್ಕೆ ತಳ್ಳುತ್ತದೆ. ಕೊನೆಗೆ ಅದನ್ನು ವಾಪಸ್ ತೆಗೆದುಕೊಳ್ಳುತ್ತದೆ. ಅದಕ್ಕೇ ಅದು ಖರ್ಚಾಗುವುದಿಲ್ಲ.

ರಾಸಾಯನಿಕ ಕಾರ್ಖಾನೆಯ ಸುರಕ್ಷತಾ ಇಂಜಿನಿಯರ್:
ನೋಡಮ್ಮ, ನೀನು ಬೀಕರ್ ಮುಟ್ಟಿ ನೋಡಿ ಯೋಚನೆ ಮಾಡಿದ್ದೀಯ. ಅದನ್ನೇ ಹಿಡಿದು ಲೆಕ್ಕ ಹಾಕೋಣ.

ನೂರು ಗ್ರಾಂ ದ್ರಾವಣದಲ್ಲಿ 6 ಗ್ರಾಂ ಪೆರಾಕ್ಸೈಡ್ ಇದೆ. ಒಂದು ಮೋಲ್ ಅಂದರೆ 34 ಗ್ರಾಂ. ಅಲ್ಲಿಗೆ ಸುಮಾರು 0.18 ಮೋಲ್ ಆಯಿತು. ಒಂದು ಮೋಲ್ ಒಡೆದರೆ 98 ಕಿಲೋಜೂಲ್ ಹೊರಬರುತ್ತದೆ. ಹಾಗಾಗಿ ನಿನ್ನ ಬೀಕರಿನಿಂದ ಒಟ್ಟು 17 ಕಿಲೋಜೂಲ್ ಬರಬಹುದು, ಅದಕ್ಕಿಂತ ಜಾಸ್ತಿ ಬರಲು ಸಾಧ್ಯವಿಲ್ಲ. ನೂರು ಗ್ರಾಂ ನೀರನ್ನು ಅದು ಹತ್ತಿರ ಹತ್ತಿರ 40 ಡಿಗ್ರಿ ಏರಿಸುತ್ತದೆ. ಕೋಣೆಯಲ್ಲಿ 27 ಡಿಗ್ರಿ ಇದ್ದರೆ ಬೀಕರ್ 65ರ ಆಸುಪಾಸಿಗೆ ಹೋಗುತ್ತದೆ. ಕೈ ಇಡಲು ಆಗುವುದಿಲ್ಲ, ನಿಜ.

ಈಗ ತಣ್ಣಗಿದ್ದ ಬೀಕರ್. ಅದೂ ಪೂರ್ತಿ ಒಡೆದರೆ ಅದೇ 17 ಕಿಲೋಜೂಲ್ ಕೊಡುತ್ತದೆ. ಆದರೆ ಅದಕ್ಕೆ ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಬಂದ ಶಾಖವೆಲ್ಲ ಗಾಳಿಗೆ ಹೋಗುತ್ತಾ ಇರುತ್ತದೆ. ನಿನ್ನ ಕೈಗೆ ಗೊತ್ತಾಗಿದ್ದು ಶಾಖ ಬಂದ ವೇಗ. ಒಟ್ಟು ಎಷ್ಟು ಬಂತು ಅನ್ನುವುದು ಕೈಗೆ ಗೊತ್ತಾಗುವುದಿಲ್ಲ. ಗ್ರಾಫಿನ ಶುರು ಮತ್ತು ಕೊನೆಯ ಮಟ್ಟಗಳ ನಡುವಿನ ಅಂತರ ಹೇಳುವುದು ಒಟ್ಟು ಶಾಖವನ್ನು. ಹಾಗಾಗಿ ಕೊನೆ ಇಳಿಯುವುದಿಲ್ಲ.

ಗ್ರಾಫ್ ಹಾಳೆಯಲ್ಲಿ ಹೀಗೆ ಬರೆದು ನೋಡು. ಪೆರಾಕ್ಸೈಡಿನ ಮಟ್ಟವನ್ನು ಸುಮ್ನೆ 100 ಅಂತ ಇಟ್ಟುಕೋ. ಇಲ್ಲಿ ಅಂತರಗಳಷ್ಟೇ ಮುಖ್ಯ, ಎಲ್ಲಿಂದ ಶುರು ಮಾಡಿದರೂ ನಡೆಯುತ್ತದೆ. ನೀರು ಮತ್ತು ಆಮ್ಲಜನಕದ ಮಟ್ಟ 2. ಕ್ಯಾಟಲಿಸ್ಟ್ ಇಲ್ಲದಾಗ ಆ್ಯಕ್ಟಿವೇಶನ್ ಎನರ್ಜಿ ಸುಮಾರು 75, ಆದ್ದರಿಂದ ಗುಡ್ಡದ ತುದಿ 175ರಲ್ಲಿ. ಅಯೋಡೈಡ್ ಇದ್ದಾಗ ಅದು ಸುಮಾರು 56, ತುದಿ 156ರಲ್ಲಿ. ಎರಡು ಗೆರೆಗಳೂ 100ರಲ್ಲಿ ಹೊರಟು 2ರಲ್ಲೇ ಸೇರಬೇಕು. ಬಾಣ ಎಳೆಯುವಾಗ ಒಂದು ಎಚ್ಚರಿಕೆ. ಆ್ಯಕ್ಟಿವೇಶನ್ ಎನರ್ಜಿಯ ಬಾಣವನ್ನು ಪೆರಾಕ್ಸೈಡಿನ ಗೆರೆಯಿಂದ ತುದಿಗೆ ಎಳೆಯಬೇಕು. ಎಷ್ಟೋ ಮಕ್ಕಳು ಅದನ್ನು ಕೆಳಗಿನ ಅಕ್ಷದಿಂದಲೇ ಎಳೆಯುತ್ತಾರೆ. ಅಲ್ಲೂ ಅಂಕ ಹೋಗುತ್ತದೆ.

ಗುಡ್ಡ ತಗ್ಗಿದ್ದು 19 ಮಾತ್ರ. ನೋಡಲು ಚಿಕ್ಕದು. ಆದರೆ 25 ಡಿಗ್ರಿಯಲ್ಲಿ ಗುಡ್ಡ ದಾಟುವಷ್ಟು ಶಕ್ತಿ ಇರುವ ಅಣುಗಳ ಪಾಲು ಅದರಿಂದ ಸುಮಾರು 2000 ಪಟ್ಟು ಹೆಚ್ಚುತ್ತದೆ. ಎತ್ತರ ಕೂಡಿಸುವ ಕಳೆಯುವ ಲೆಕ್ಕ, ವೇಗ ಮಾತ್ರ ಗುಣಿಸುವ ಲೆಕ್ಕ. ಬೀಕರ್ ಅಷ್ಟು ಬೇಗ ಬಿಸಿಯಾಗಲು ಇದೇ ಕಾರಣ.

ಬಿ.ಎಸ್ಸಿ. ಹುಡುಗನಿಗೆ ಒಂದು ಮಾತು. ಶುರು ಮತ್ತು ಕೊನೆ ಬದಲಾಗುವುದಿಲ್ಲ ಎಂದಿದ್ದು ಸರಿ. ಆದರೆ ಕ್ಯಾಟಲಿಸ್ಟ್ ಶಕ್ತಿ ಕೊಟ್ಟು ತಳ್ಳುವುದಿಲ್ಲಪ್ಪ. ಅಣುಗಳಿಗೆ ಶಕ್ತಿ ಸಿಗುವುದು ಸುತ್ತಲಿನ ಅಣುಗಳ ಡಿಕ್ಕಿಯಿಂದ, ಎರಡೂ ಬೀಕರಿನಲ್ಲಿ ಒಂದೇ ಥರ. ಅಯೋಡೈಡ್ ಮಾಡುವುದು ಬೇರೆ ಕೆಲಸ. ಪೆರಾಕ್ಸೈಡಿನಿಂದ ಒಂದು ಆಮ್ಲಜನಕವನ್ನು ತಾನು ಹಿಡಿದುಕೊಳ್ಳುತ್ತದೆ. ಇನ್ನೊಂದು ಪೆರಾಕ್ಸೈಡ್ ಸಿಕ್ಕಾಗ ಅದನ್ನು ಬಿಟ್ಟುಕೊಟ್ಟು ಮೊದಲಿನಂತಾಗುತ್ತದೆ. ಹಳೆಯ ಗುಡ್ಡ ಅಲ್ಲೇ ಇದೆ, ಯಾರೂ ಅದನ್ನು ಕಡಿದಿಲ್ಲ. ಪಕ್ಕದಲ್ಲಿ ತಗ್ಗಿನ ದಾರಿಯೊಂದು ತೆರೆಯಿತು, ಅಷ್ಟೆ.

ಬಟ್ಟೆ ಬ್ಲೀಚಿಂಗ್ ಘಟಕ ನಡೆಸುವವರು:
ಮೇಡಂ, ನಾವು ಬ್ಲೀಚಿಂಗಿಗೆ 50% ಪೆರಾಕ್ಸೈಡ್ ಬಳಸುತ್ತೇವೆ. ನನ್ನ ಪ್ರಕಾರ ಕ್ಯಾಟಲಿಸ್ಟ್ ಇರುವ ಗೆರೆ ಎಡಕ್ಕೆ ಸರಿಯಬೇಕು. ಬೇಗ ಮುಗಿಯುತ್ತದಲ್ಲ! ಒಮ್ಮೆ ನಮ್ಮ ಹುಡುಗನೊಬ್ಬ ತುಕ್ಕು ಹಿಡಿದ ಕಬ್ಬಿಣದ ಬಕೆಟ್ಟಿನಲ್ಲಿ ಪೆರಾಕ್ಸೈಡ್ ತೆಗೆದ. ಉಳಿದಿದ್ದನ್ನು ವಾಪಸ್ ಡ್ರಮ್ಮಿಗೆ ಸುರಿದುಬಿಟ್ಟ. ಸಂಜೆ ಹೊತ್ತಿಗೆ ಡ್ರಮ್ಮು ಉಬ್ಬಿ ಬಿಸಿಯಾಗಿತ್ತು. ಎಲ್ಲರೂ ಹೊರಗೆ ಓಡಿದೆವು. ಅಷ್ಟು ಹೊತ್ತು ಸುಮ್ಮನಿದ್ದಿದ್ದು ಆಮೇಲೆ ಒಮ್ಮೆಗೇ ಯಾಕೆ ಏರಿತು?

ಸುರಕ್ಷತಾ ಇಂಜಿನಿಯರ್:
ಹೊರಗೆ ಓಡಿದ್ದು ಒಳ್ಳೆಯದಾಯಿತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಅಕ್ಷದ ವಿಷಯ. ಈ ಗ್ರಾಫಿನಲ್ಲಿ ಅಡ್ಡ ಅಕ್ಷ ಸಮಯ ಅಲ್ಲ. ಪ್ರತಿವರ್ತಕ ಉತ್ಪನ್ನವಾಗುವ ದಾರಿಯಲ್ಲಿ ಎಷ್ಟು ಮುಂದೆ ಬಂದಿದೆ ಎನ್ನುವುದನ್ನು ಅದು ತೋರಿಸುತ್ತದೆ. ಅದರ ಮೇಲೆ ಸೆಕೆಂಡು, ನಿಮಿಷ ಗುರುತಿಸುವ ಹಾಗಿಲ್ಲ. ನೀವು ಹೇಳುವ ‘ಬೇಗ ಮುಗಿಯುವ’ ಗ್ರಾಫ್ ಬೇರೆ ಇದೆ. ಹೊರಬಂದ ಆಮ್ಲಜನಕವನ್ನು ನಿಮಿಷಕ್ಕೊಮ್ಮೆ ಅಳೆದು ಬರೆಯುವ ಗ್ರಾಫ್ ಅದು. ಅದರಲ್ಲಿ ಕ್ಯಾಟಲಿಸ್ಟ್ ಇರುವ ಗೆರೆ ಎಡಗಡೆಯೇ ಕಡಿದಾಗಿ ಏರಿ ಬೇಗ ಸಪಾಟಾಗುತ್ತದೆ. ಅಲ್ಲೂ ಕೊನೆಯ ಮಟ್ಟ ಎರಡಕ್ಕೂ ಒಂದೇ.

ಇನ್ನು ಡ್ರಮ್ಮು. ತುಕ್ಕಿನ ಕಬ್ಬಿಣ ಪೆರಾಕ್ಸೈಡಿಗೆ ಕ್ಯಾಟಲಿಸ್ಟ್. ಚೂರು ಹೋದರೂ ಸಾಕು, ಖರ್ಚಾಗುವುದಿಲ್ಲವಲ್ಲ. ಮೊದಮೊದಲು ನಿಧಾನವಾಗಿ ಒಡೆಯುತ್ತದೆ, ಸ್ವಲ್ಪ ಬಿಸಿಯಾಗುತ್ತದೆ. ಬಿಸಿಯಾದರೆ ಒಡೆಯುವ ವೇಗ ಹೆಚ್ಚುತ್ತದೆ. ಅಯೋಡೈಡಿನ ಲೆಕ್ಕದಲ್ಲೇ ಹೇಳುವುದಾದರೆ ಹತ್ತು ಡಿಗ್ರಿ ಏರಿದರೆ ವೇಗ ಎರಡು ಪಟ್ಟು. ಬೀಕರಿನಿಂದ ಶಾಖ ಸುಲಭವಾಗಿ ಹೊರಹೋಗುತ್ತದೆ. ದೊಡ್ಡ ಡ್ರಮ್ಮಿನ ನಡುವಿನಿಂದ ಹೋಗುವುದಿಲ್ಲ. ಶಾಖ ಹುಟ್ಟುವ ವೇಗ ಅದು ಹೊರಹೋಗುವ ವೇಗವನ್ನು ದಾಟಿತೋ, ಅಲ್ಲಿಂದ ಮುಂದೆ ಅದು ತಾನೇ ಓಡುತ್ತದೆ. ಬಹಿರುಷ್ಣಕ ಕ್ರಿಯೆಯ ಅಪಾಯ ಇರುವುದು ಇಲ್ಲೇ. ಗುಡ್ಡದಾಚೆಯ ಇಳಿಜಾರಿನಲ್ಲಿ ಬಿಟ್ಟುಕೊಟ್ಟ ಶಾಖವೇ ಹಿಂದಿನ ಅಣುಗಳನ್ನು ಗುಡ್ಡ ಹತ್ತಿಸುತ್ತದೆ.

ಹೊರತೆಗೆದ ಪೆರಾಕ್ಸೈಡನ್ನು ಯಾವತ್ತೂ ವಾಪಸ್ ಡ್ರಮ್ಮಿಗೆ ಹಾಕಬೇಡಿ, ಸ್ವಚ್ಛವಾಗಿ ಕಂಡರೂ ಬೇಡ. ಮುಚ್ಚಳದಲ್ಲಿ ಗಾಳಿ ಹೊರಹೋಗುವ ವ್ಯವಸ್ಥೆ ಇರುತ್ತದೆ, ಅದನ್ನು ಬಿಗಿದು ಮುಚ್ಚಬೇಡಿ. ಡ್ರಮ್ಮು ಬೆಚ್ಚಗಾಗಿದ್ದರೆ, ಸಣ್ಣಗೆ ಗುಳ್ಳೆ ಏಳುವ ಸದ್ದು ಕೇಳಿದರೆ ಹತ್ತಿರ ನಿಲ್ಲಬೇಡಿ.

ಕುಂದಾಪುರ ಕಡೆಯ ಹಿರಿಯರು:
ನಾವು ಚಿಕ್ಕವರಿದ್ದಾಗ ಮನೆ ಹತ್ತಿರ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಅಲ್ಲಿಯೂ ದೊಡ್ಡ ಬೆಂಕಿ, ವಿಪರೀತ ಬಿಸಿ. ಅದೂ ಬಹಿರುಷ್ಣಕವೇ ತಾನೆ?

ಸುರಕ್ಷತಾ ಇಂಜಿನಿಯರ್:
ಇಲ್ಲ ಸರ್, ಅದು ಅಂತರುಷ್ಣಕ. ಬಿಸಿ ಬಂದಿದ್ದು ಸೌದೆ ಅಥವಾ ಇದ್ದಿಲಿನಿಂದ. ಚಿಪ್ಪು ಆ ಬಿಸಿಯನ್ನು ತಿನ್ನುತ್ತಿತ್ತು. ಚಿಪ್ಪು ಅಂದರೆ ಹೆಚ್ಚುಕಡಿಮೆ ಎಲ್ಲ ಕ್ಯಾಲ್ಸಿಯಂ ಕಾರ್ಬೋನೇಟ್. ಅದು ಸುಟ್ಟ ಸುಣ್ಣ ಮತ್ತು ಕಾರ್ಬನ್ ಡೈಆಕ್ಸೈಡ್ ಆಗಲು ಮೋಲಿಗೆ 178 ಕಿಲೋಜೂಲ್ ಬೇಕು. ಗೂಡಿನಲ್ಲಿ 900 ಡಿಗ್ರಿಯ ಹತ್ತಿರ ಕಾಯಿಸಬೇಕಾಗುತ್ತದೆ. ನಡುವೆ ಬೆಂಕಿ ಆರಿದರೆ ಕೆಲಸವೂ ನಿಂತಿತು, ಒಳಗೆ ಬೇಯದ ಚಿಪ್ಪು ಉಳಿಯುತ್ತಿತ್ತು. ನಿಮಗೆ ನೆನಪಿರಬಹುದು. ಡ್ರಮ್ಮಿನಂತೆ ಅದು ತಾನೇ ಓಡುವುದಿಲ್ಲ.

ಗ್ರಾಫಿನಲ್ಲಿ ಚಿಪ್ಪಿನ ಮಟ್ಟ 0 ಇಟ್ಟರೆ ಸುಣ್ಣದ ಮಟ್ಟ 178. ಗುಡ್ಡದ ತುದಿ ಅದಕ್ಕಿಂತ ಮೇಲೆಯೇ ಇರಬೇಕು. ಎಂಥ ಕ್ಯಾಟಲಿಸ್ಟ್ ತಂದರೂ ಈ ಎತ್ತರವನ್ನು 178ಕ್ಕಿಂತ ತಗ್ಗಿಸಲು ಆಗುವುದಿಲ್ಲ. ಬಹಿರುಷ್ಣಕದಲ್ಲಿ ಈ ಕಟ್ಟು ಇಲ್ಲ, ಅಲ್ಲಿ ಗುಡ್ಡ ಬಹಳ ಚಿಕ್ಕದೂ ಇರಬಹುದು. ಆಕಾರ ನೋಡುವಾಗ ನಾನು ಮೊದಲು ಗಮನಿಸುವುದು ಇದನ್ನೇ.

ಹಿರಿಯರು:
ಬೇಯದ ಚಿಪ್ಪು ನೆನಪಿದೆ. ಅದನ್ನು ಆರಿಸಿ ಮುಂದಿನ ಗೂಡಿಗೆ ಹಾಕುತ್ತಿದ್ದರು. ಸುಟ್ಟಿದ್ದಕ್ಕೆ ನೀರು ಹಾಕಿದರೆ ಮಾತ್ರ ಬುಸುಬುಸು ಎಂದು ಹೊಗೆಯಾಡುತ್ತಿತ್ತು.

ಸುರಕ್ಷತಾ ಇಂಜಿನಿಯರ್:
ಅದು ಬಹಿರುಷ್ಣಕ ಸರ್. ಗುಡ್ಡ ಚಿಕ್ಕದು, ಅದಕ್ಕೇ ತಣ್ಣೀರೇ ಸಾಕಾಗುತ್ತಿತ್ತು.

ಬಿ.ಎಸ್ಸಿ. ವಿದ್ಯಾರ್ಥಿ:
ತಳ್ಳುತ್ತದೆ ಎಂದಿದ್ದು ತಪ್ಪು, ಒಪ್ಪುತ್ತೇನೆ ಮೇಡಂ. ಆದರೆ ಒಂದು ಸಂಶಯ. ಪೆರಾಕ್ಸೈಡಿನ ಎರಡು ಆಮ್ಲಜನಕಗಳ ನಡುವಿನ ಬಂಧ ಮುರಿಯಲು 200ಕ್ಕಿಂತ ಜಾಸ್ತಿ ಕಿಲೋಜೂಲ್ ಬೇಕು ಎಂದು ಓದಿದ್ದೇನೆ. ಹಾಗಿದ್ದರೆ ಕ್ಯಾಟಲಿಸ್ಟ್ ಇಲ್ಲದೆ 75 ಹೇಗೆ ಸಾಕಾಗುತ್ತದೆ?

ಸುರಕ್ಷತಾ ಇಂಜಿನಿಯರ್:
ಒಳ್ಳೆಯ ಜಾಗದಲ್ಲಿ ಕೈ ಇಟ್ಟಿದ್ದೀಯ. ಬಂಧ ನೇರವಾಗಿ ಮುರಿಯುವ ದಾರಿಗೆ 75 ಸಾಲದು. ಬಾಟಲಿಯ ಗೋಡೆ, ಧೂಳು, ನೀರಿನಲ್ಲಿರುವ ಲೋಹದ ಚೂರುಪಾರು ಎಲ್ಲವೂ ಪೆರಾಕ್ಸೈಡನ್ನು ಒಡೆಯುತ್ತವೆ. ಹಾಗಾಗಿ ‘ಕ್ಯಾಟಲಿಸ್ಟ್ ಇಲ್ಲ’ ಎಂದು ಬರೆದ 75ರಲ್ಲಿ ಇವುಗಳ ಕೈವಾಡ ಇದೆ ಎಂಬುದು ನನ್ನ ಅಭಿಪ್ರಾಯ. ಕಾರ್ಖಾನೆಯಲ್ಲಿ ಸ್ಟೆಬಿಲೈಸರ್ ಹಾಕುವುದೇ ಆ ಲೋಹಗಳನ್ನು ಕಟ್ಟಿಹಾಕಲು.

ಪಿಯು ಉಪನ್ಯಾಸಕರು:
ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನೀರಿನ ಅಣುಗಳು ಪಕ್ಕದಲ್ಲಿದ್ದಾಗ ಬಂಧ ನೇರವಾಗಿ ಮುರಿಯದೆ ಬೇರೆ ದಾರಿಯಲ್ಲಿ ಒಡೆಯಬಹುದು. ಎಲ್ಲವನ್ನೂ ಧೂಳಿನ ಮೇಲೆ ಹಾಕಬೇಡಿ. ಏನೇ ಇರಲಿ, ಪರೀಕ್ಷೆಯಲ್ಲಿ 75 ಕೊಟ್ಟಿದ್ದರೆ 75 ಬಳಸಿ.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿ:
ಮತ್ತೆ ಬರೆದೆ. 100, 175, 156, 2. ಎರಡೂ ಗೆರೆ ಕೊನೆಗೆ ಸೇರಿದವು. ಆದರೆ ಅಯೋಡೈಡ್ ಒಮ್ಮೆ ಹಿಡಿದು, ಆಮೇಲೆ ಬಿಡುತ್ತದೆ ಎಂದಿರಿ. ಹಾಗಾದರೆ ಅದು ಎರಡು ಹೆಜ್ಜೆ. ಗುಡ್ಡವೂ ಎರಡು ಇರಬೇಕಲ್ವಾ ಮೇಡಂ?

ಸುರಕ್ಷತಾ ಇಂಜಿನಿಯರ್:
ಇರಬೇಕು. ಹಿಡಿಯುವುದು ನಿಧಾನದ ಹೆಜ್ಜೆ, ಬಿಡುವುದು ಬೇಗ. ಅದಕ್ಕೇ ಮೊದಲ ಗುಡ್ಡದ ತುದಿ 156ರಲ್ಲಿ. ಎರಡನೆಯ ತುದಿಯನ್ನು ಅದಕ್ಕಿಂತ ಕೆಳಗೆ ಎಳೆ. ನಡುವೆ ಒಂದು ತಗ್ಗು ಬರುತ್ತದೆ. ಅಯೋಡೈಡ್ ಆಮ್ಲಜನಕ ಹಿಡಿದುಕೊಂಡು ನಿಂತಿರುವ ಜಾಗ ಅದು.

ಪಿಯು ಉಪನ್ಯಾಸಕರು:
ಪ್ರಶ್ನೆಯಲ್ಲಿ ಹೆಜ್ಜೆಗಳನ್ನು ಕೊಟ್ಟಿದ್ದರೆ ಎರಡು ಗುಡ್ಡ ಬರೆಯಮ್ಮ. ಕೊಡದಿದ್ದರೆ ಒಂದೇ ಸಾಕು. ನಾನಂತೂ ಎರಡಕ್ಕೂ ಅಂಕ ಕೊಡುತ್ತೇನೆ, ಎಲ್ಲರೂ ಕೊಡುತ್ತಾರೆ ಎಂದು ಹೇಳಲಾರೆ.

ವಿದ್ಯಾರ್ಥಿನಿ:
ಆ ತಗ್ಗಿಗೆ ಯಾವ ಸಂಖ್ಯೆ ಬರೆಯಲಿ?

ಸುರಕ್ಷತಾ ಇಂಜಿನಿಯರ್:
ಸಂಖ್ಯೆ ಬರೆಯಬೇಡ. ನಮ್ಮ ಕೈಯಲ್ಲಿರುವ 75, 56, 98 ಈ ಮೂರರಿಂದ ಅದು ಸಿಗುವುದಿಲ್ಲ. ತಗ್ಗನ್ನು ಎಳೆದು ಪಕ್ಕದಲ್ಲಿ IO⁻ ಎಂದಷ್ಟೇ ಗುರುತಿಸು.