ಸುಂಯ್ ಸದ್ದು ನಿಂತರೆ ವಾಸಿ ಆಯ್ತಾ?

ಶುಭಾ: ಡಾಕ್ಟ್ರೇ, ಗ್ರೂಪ್‌ನಲ್ಲೇ ಕೇಳ್ತಿದ್ದೀನಿ, ಮಗನಿಗೆ ಆರು ವರ್ಷ. ರಾತ್ರಿಯಿಂದ ಉಬ್ಬಸ. ಇನ್ಹೇಲರ್‌ಗೆ ಸ್ಪೇಸರ್ ಅನ್ನೋ ಪ್ಲಾಸ್ಟಿಕ್ ಕೊಳವೆ ಸೇರಿಸಿ ನಾಲ್ಕು ಪಫ್ ಕೊಟ್ಟೆ. ಈಗ ಸುಂಯ್ ಅನ್ನೋ ಸದ್ದು ನಿಂತಿದೆ. ಆದ್ರೆ ಮಾತಾಡ್ತಿಲ್ಲ, ಹಾಲೂ ಬೇಡ ಅಂತಾನೆ. ವಾಸಿ ಆಯ್ತಾ?

ಡಾಕ್ಟರ್: ಇಲ್ಲಮ್ಮ. ಈಗಲೇ ಆಸ್ಪತ್ರೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಉಸಿರಿನ ನಾಳ ತೀರಾ ಬಿಗಿದು ಗಾಳಿಯೇ ಓಡಾಡದಿದ್ದರೆ ಸದ್ದೂ ಬರುವುದಿಲ್ಲ. ಮಗು ಮಾತಾಡಿ, ಕುಡಿದು, ಆಡುತ್ತಿದ್ದರೆ ಮಾತ್ರ ಸದ್ದು ನಿಂತದ್ದು ಒಳ್ಳೆಯದು. ಅಂಗಿ ಎತ್ತಿ ನೋಡಿ, ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಎಳೆಯುತ್ತಿದೆಯಾ? ತುಟಿ ನೀಲಿಯಾ? ಮಲಗಿಸಬೇಡಿ, ಕೂರಿಸಿಕೊಂಡೇ ಹೋಗಿ. ದಾರಿಯಲ್ಲಿ ಉಸಿರಿನ ನಾಳ ಸಡಿಲಿಸುವ ಸಾಲ್ಬುಟಮಾಲ್ ಇನ್ಹೇಲರ್ ಕೊಡುತ್ತಿರಿ. ಅಲುಗಾಡಿಸಿ ಒಂದೇ ಪಫ್ ಒತ್ತಿ, ಐದಾರು ಸಲ ಉಸಿರಾಡಲಿ, ಅರ್ಧ ನಿಮಿಷ ಬಿಟ್ಟು ಇನ್ನೊಂದು. ಹತ್ತರವರೆಗೂ ಕೊಡಬಹುದು.

ಶುಭಾ: ಎಳೀತಿದೆ ಡಾಕ್ಟ್ರೇ. ಹೊರಟ್ವಿ.

ರಮೇಶ: ಇನ್ಹೇಲರ್ ಅಭ್ಯಾಸ ಆಗ್ಬಿಡಲ್ವಾ ಸಾರ್?

ಡಾಕ್ಟರ್: ಆಗಲ್ಲ. ಇವತ್ತು ಮೂರನೇ ಸಲ ಹೇಳುತ್ತಿದ್ದೇನೆ.

ನಂಜಪ್ಪ: ನಮ್ಮ ಮನೆತನದ ಮದ್ದು ಕಳಿಸಿದ್ದೀನಿ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಎದೆಗೆ ಹಚ್ಚಿ, ಬಿಸಿನೀರಿನ ಹಬೆ ಕೊಡಿ.

ಡಾಕ್ಟರ್: ದಯವಿಟ್ಟು ಇದನ್ನು ಅಳಿಸಿ. ಕರ್ಪೂರ ಮಗುವಿನ ಬಾಯಿಗೆ ಹೋದರೆ ಫಿಟ್ಸ್ ಬರಬಹುದು. ಹಬೆಯ ಪಾತ್ರೆ ಮಗುಚಿ ತೊಡೆ ಸುಟ್ಟುಕೊಂಡ ಮಕ್ಕಳಿಗೆ ನಾನೇ ಬ್ಯಾಂಡೇಜ್ ಕಟ್ಟಿದ್ದೇನೆ.

ನಂಜಪ್ಪ: ನಮ್ಮಜ್ಜಿ ಕಾಲದಲ್ಲಿ ಯಾರೂ ಸಾಯ್ಲಿಲ್ಲ.

ಲತಾ: ಸತ್ತವರನ್ನ ಲೆಕ್ಕ ಹಾಕಿದ್ದು ಯಾರು ನಂಜಪ್ಪನವರೇ? ಆದ್ರೆ ಸ್ಪೇಸರ್ ಸುಮ್ನೆ ಖರ್ಚು. ನನ್ನ ಮಗ ನೇರ ಬಾಯಿಗೇ ಒತ್ಕೋತಾನೆ.

ಸುನೀತ: ಲತಾ, ನಿಮ್ಮ ಮಗನಿಗೆ ಹದಿನಾಲ್ಕು! ಚಿಕ್ಕವರಿಗೆ ಒತ್ತೋದೂ ಎಳೆಯೋದೂ ಒಟ್ಟಿಗೆ ಬರಲ್ಲ. ಔಷಧಿ ನಾಲಿಗೆ ಮೇಲೇ ಉಳಿಯತ್ತೆ.

ಲತಾ: ನೀವೂ ಡಾಕ್ಟ್ರಾ?

ಡಾಕ್ಟರ್: ಸುನೀತ ಹೇಳಿದ್ದು ಸರಿ. ಹದಿನಾಲ್ಕರ ಹುಡುಗನಿಗೂ ಉಬ್ಬಸ ಎದ್ದಾಗ ಸ್ಪೇಸರೇ ಬೇಕು. ಜಗಳ ಬೇರೆ ಕಡೆ ಆಡಿ.

ಫಾತಿಮಾ: ಮನೆಯಲ್ಲಿ ಬೆಕ್ಕಿದೆ, ಬಿಟ್ಟುಬಿಡಬೇಕಾ?

ಶುಭಾ: ಆಕ್ಸಿಜನ್ ಹಾಕಿದ್ದಾರೆ, ನೆಬ್ಯುಲೈಸರ್ ನಡೀತಿದೆ. ಆದ್ರೆ ಸುಂಯ್ ಸದ್ದು ಮತ್ತೆ ಶುರುವಾಗಿದೆ. ಭಯಕ್ಕೆ ನನಗೆ ಕೈಕಾಲು ಆಡ್ತಿಲ್ಲ.

ಡಾಕ್ಟರ್: ಹೆದರಬೇಡಿ. ಔಷಧಿ ಶುರುವಾದ ಮೇಲೆ ಸದ್ದು ವಾಪಸ್ ಬಂದರೆ ಸಾಮಾನ್ಯವಾಗಿ ಗಾಳಿ ಓಡಾಡುತ್ತಿದೆ ಅಂತ. ಆದರೂ ಅಲ್ಲಿನ ಡಾಕ್ಟರಿಗೆ ಹೇಳಿ. ರಾತ್ರಿ ಆ ನಾಲ್ಕು ಪಫ್ ಹೇಗೆ ಕೊಟ್ಟಿರಿ?

ಶುಭಾ: ನಾಲ್ಕೂ ಒಟ್ಟಿಗೆ ಒತ್ತಿ, ಆಮೇಲೆ ಉಸಿರಾಡಿಸ್ದೆ. ಸ್ಪೇಸರ್ ದಿನಾ ತೊಳೆದು ಬಟ್ಟೆಯಲ್ಲಿ ಒರೆಸ್ತೀನಿ.

ಡಾಕ್ಟರ್: ಎರಡೂ ಕಡೆ ಔಷಧಿ ನಷ್ಟವಾಗಿದೆ. ಒಟ್ಟಿಗೆ ಒತ್ತಿದರೆ ಹನಿಗಳು ಒಂದಕ್ಕೊಂದು ಅಂಟಿ ದಪ್ಪಗಾಗಿ ಗೋಡೆಗೆ ಹತ್ತುತ್ತವೆ. ಪ್ಲಾಸ್ಟಿಕ್ ಒರೆಸಿದರೆ ಬಾಚಣಿಗೆ ಕೂದಲನ್ನು ಎಳೆಯುವ ಹಾಗೆ ಅದೂ ಔಷಧಿಯನ್ನು ಎಳೆದುಕೊಳ್ಳುತ್ತದೆ. ವಾರಕ್ಕೊಮ್ಮೆ ಪಾತ್ರೆ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಒರೆಸದೆ ನೆರಳಿಗೆ ಇಡಿ. ಮನೆಗೆ ಬರುವ ಮುಂಚೆ ನರ್ಸ್ ಮುಂದೆ ನೀವೇ ಒಂದು ಪಫ್ ಕೊಟ್ಟು ತೋರಿಸಿ.

ರಮೇಶ: ಸಾರ್, ಅಭ್ಯಾಸ ಆಗಲ್ಲ ಅಂದ್ರೆ ಎಷ್ಟು ವರ್ಷ ಕೊಡಬೇಕು?

ಶುಭಾ: ಹಾಲು ಕೇಳ್ದ ಡಾಕ್ಟ್ರೇ.