ಅಕ್ಯುಮುಲೇಶನ್, ಡಿಸ್ಟ್ರಿಬ್ಯೂಶನ್: ಶೇರುಪೇಟೆಯಲ್ಲಿ ಇವಕ್ಕೆ ಕನ್ನಡದಲ್ಲಿ ಏನಂತೀರಿ?

ಮೈಸೂರಿಂದ:
ಎಲ್ರಿಗೂ ನಮಸ್ಕಾರ. ನಮ್ಮ ಹೂಡಿಕೆದಾರರ ಗುಂಪಿಗೆ ಚಾರ್ಟ್ ಓದೋದರ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೀತಿದೀನಿ. ಶೇರು ತಿಂಗಳುಗಟ್ಟಲೆ ಎರಡು ಬೆಲೆಗಳ ನಡುವೆನೇ ಓಡಾಡ್ತಿರತ್ತಲ್ಲ, ಆಗ ದೊಡ್ಡವರು ಸದ್ದಿಲ್ದೆ ಕೊಳ್ತಿದ್ರೆ ಅಕ್ಯುಮುಲೇಶನ್, ಸದ್ದಿಲ್ದೆ ಮಾರ್ತಿದ್ರೆ ಡಿಸ್ಟ್ರಿಬ್ಯೂಶನ್. ಶೇಖರಣೆ, ವಿತರಣೆ ಅಂತ ಹಾಕಿದ್ದೆ, ಓದಿದವರೊಬ್ರು "ವಿತರಣೆ ಅಂದ್ರೆ ಡಿವಿಡೆಂಡ್ ಹಂಚೋದಾ ಮೇಡಂ" ಅಂದ್ರು. ಬೇರೆ ಪದ ಇದ್ಯಾ? ಏರಿಕೆಗೆ ಮುಂಚಿನ ಈ ಓಡಾಟ, ಅಂದ್ರೆ ಬೇಸ್, ಮುಗೀತಾ ಬಂತು ಅನ್ನೋ ಲಕ್ಷಣಗಳನ್ನ ಹೇಗೆ ಬರೀಬೇಕು ಅನ್ನೋದೂ ಬೇಕು.

ಶಿರಸಿಯಿಂದ:
ಇದಕ್ಕೆ ದಾಸ್ತಾನು ಅಂತ ಇದ್ಯಲ್ಲ. ನಾವು ಅಡಿಕೆ ದಾಸ್ತಾನು ಇಟ್ಟು ದರ ಬಂದಾಗ ಬಿಡ್ತೇವೆ. ಹೋದ ಸಲ ಕಾದು ಕಾದು ಕಡೆಗೆ ಇಳಿದ ದರಕ್ಕೇ ಕೊಟ್ಟಿದ್ದಾಯ್ತು, ಅದು ಬೇರೆ ಕಥೆ.

ಹುಬ್ಬಳ್ಳಿಯಿಂದ:
ಪದ ಯಾವುದರ ಇರ್ಲಿ ಬಿಡ್ರಿ, ವಾಲ್ಯೂಮ್, ಅಂದ್ರ ಎಷ್ಟು ಶೇರು ಕೈ ಬದಲಾದ್ವು ಅನ್ನೂದು, ನೋಡಿದ್ರ ಮುಗೀತು. ರೇಂಜ್ ಒಳಗ ವಾಲ್ಯೂಮ್ ಏರಾಕತ್ತಿದ್ರ ಯಾರೋ ಕೊಳ್ಳಾಕತ್ತಾರ ಅಂತ ತಿಳೀರಿ.

ಬೆಂಗಳೂರಿಂದ:
ಹುಬ್ಬಳ್ಳಿಯವರು ವಾಲ್ಯೂಮ್ ನೋಡಿ ಅಂದಿದ್ದು ಸರಿ, ಆದ್ರೆ ಪ್ರತಿ ಸೌದಾಗೂ ಕೊಂಡವರೊಬ್ರು ಮಾರಿದವರೊಬ್ರು ಇದ್ದೇ ಇರ್ತಾರೆ, ಬರೀ ಏರಿಕೆಯಿಂದ ಯಾರ ಕೈ ಮೇಲು ಅಂತ ಗೊತ್ತಾಗಲ್ಲ. ಅಷ್ಟು ವಾಲ್ಯೂಮ್‌ಗೆ ಬೆಲೆ ಎಷ್ಟು ಸರೀತು, ರೇಂಜಿನ ಯಾವ ಅಂಚಲ್ಲಿ ಸರೀತು ಅನ್ನೋದು ಮುಖ್ಯ. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ರಿಚರ್ಡ್ ವೈಕಾಫ್ ಹೇಳಿಕೊಟ್ಟಿದ್ದೂ ಹೆಚ್ಚುಕಮ್ಮಿ ಇದನ್ನೇ.

ಒಂದು ಕಲ್ಪಿತ ಶೇರು ತಗೊಳ್ಳಿ. 400ರಿಂದ ಕುಸಿದು ಭಾರಿ ವಾಲ್ಯೂಮಲ್ಲಿ 200ಕ್ಕೆ ಬಂತು, ಅಲ್ಲಿಂದ 250ಕ್ಕೆ ಎದ್ದು ಮತ್ತೆ ಇಳೀತು, ಈಗ ಇವೆರಡೇ ಅಂಚು. ಸ್ವಲ್ಪ ದಿನಕ್ಕೆ ಮತ್ತೆ 205ಕ್ಕೆ ಬಂದಾಗ ಮೊದಲಿನಷ್ಟು ವಾಲ್ಯೂಮ್ ಇಲ್ಲ ಅಂದ್ರೆ ಗಾಬರಿಯಲ್ಲಿ ಮಾರೋರು ಕಮ್ಮಿ ಆಗಿದಾರೆ ಅಂತ. ಆಮೇಲೆ ತಿಂಗಳುಗಟ್ಟಲೆ ಏನೂ ಇಲ್ಲ, ಬೇಜಾರಾಗಿ ಎಷ್ಟೋ ಜನ ಮಾರಿ ಹೋಗ್ತಾರೆ. ಒಂದಿನ 194ಕ್ಕೆ ಜಾರತ್ತೆ, 200ರ ಕೆಳಗೆ ಹೋದ್ರೆ ತಾನಾಗೇ ಮಾರಾಟ ಆಗ್ಲಿ ಅಂತ ಸ್ಟಾಪ್‌ಲಾಸ್ ಇಟ್ಟವರೆಲ್ಲ ಔಟ್, ಎರಡು ಮೂರು ದಿನದಲ್ಲಿ ಬೆಲೆ ವಾಪಸ್ ಒಳಗೆ. ಇದಕ್ಕೇ ಸ್ಪ್ರಿಂಗ್ ಅನ್ನೋದು. ಜಾರಿದಾಗ ವಾಲ್ಯೂಮ್ ಸಣ್ಣದಿದ್ರೆ ಮಾರೋಕೆ ಮಾಲೇ ಉಳಿದಿಲ್ಲ ಅಂತ, ದೊಡ್ಡದಿದ್ರೆ ಆತುರ ಬೇಡ, ಅದು ಇನ್ನೊಂದು ಸಲ ಕೆಳಗೆ ಬಂದು ಹೋಗೋದನ್ನ ನೋಡ್ಬೇಕು. ನಂಗೆ ಇದಕ್ಕಿಂತ ನಂಬಿಕೆ ಬರೋದು ಆಮೇಲಿನ ಇಳಿತಗಳ ಮೇಲೆ. 200ರವರೆಗೂ ಬರದೆ 215ಕ್ಕೇ ನಿಲ್ಲತ್ತೆ, ಮುಂದಿನ ಸಲ 226ಕ್ಕೇ, ಪ್ರತಿ ಸಲ ವಾಲ್ಯೂಮ್ ಇನ್ನಷ್ಟು ತೆಳು. ಕೊನೆಗೆ ಒಳ್ಳೆ ವಾಲ್ಯೂಮಲ್ಲಿ 250 ದಾಟಿ, ವಾಪಸ್ 250ರ ಹತ್ರ ಬಂದಾಗ ಒಳಗೆ ಬೀಳದೆ ನಿಂತ್ರೆ ಬೇಸ್ ಮುಗೀತು ಅನ್ಬಹುದು.

ಡಿಸ್ಟ್ರಿಬ್ಯೂಶನಲ್ಲಿ ಇದೇ ಉಲ್ಟಾ. ಒಳ್ಳೆ ಸುದ್ದಿ ಮೇಲೆ 258ಕ್ಕೆ ಹೋಗಿ ಒಳಗೇ ಕ್ಲೋಸ್ ಆಗತ್ತೆ, ಮುಂದಿನ ಏರಿಕೆಗಳು 240, 231ಕ್ಕೇ ಸುಸ್ತಾಗ್ತವೆ. ಪದಕ್ಕೆ ನನ್ನ ಸಲಹೆ ವಿಲೇವಾರಿ, ಮಾಲು ದಾಟಿಸಿ ಕೈ ಖಾಲಿ ಮಾಡ್ಕೊಳ್ಳೋ ಅರ್ಥ ಅದರಲ್ಲೇ ಇದೆ.

ಹುಬ್ಬಳ್ಳಿಯಿಂದ:
ಇದೆಲ್ಲ ಆದಮ್ಯಾಲೆ ಹೇಳೂದು ಸಸಾರ ಐತಿ ಸರ. ರಿಲಯನ್ಸ್ 2009ರಿಂದ 2017ರ ತನಕ ಒಂದ ರೇಂಜಿನ್ಯಾಗ ಇತ್ತು, ನಾನೂ ಹಿಡಕೊಂಡು ಕುಂತಿದ್ದೆ. ಮ್ಯಾಲಿನ ಅಂಚಿಗೆ ಬಂದಾಗೆಲ್ಲ ಈಗ ಒಡೀತು ಅನ್ನಾವ್ರು, ಮತ್ತ ಇಳೀತಿತ್ತು.

ಬೆಂಗಳೂರಿಂದ:
ಒಪ್ತೀನಿ. ಜಿಯೋಗೆ ಏಪ್ರಿಲಿಂದ ದುಡ್ಡು ಕೊಡ್ಬೇಕು ಅಂತ 2017ರ ಫೆಬ್ರವರಿ 21ಕ್ಕೆ ಘೋಷಣೆ ಆಯ್ತು, ಮಾರನೇ ದಿನ ಶೇರು ಒಂದೇ ದಿನದಲ್ಲಿ ಸುಮಾರು 11% ಏರ್ತು. ಅದಕ್ಕೂ ಮುಂಚಿನ ಎಂಟು ವರ್ಷ ಪೂರ್ತಿ ಅಕ್ಯುಮುಲೇಶನ್ ಅಂತ ಯಾರಾದ್ರೂ ಎದೆ ತಟ್ಟಿ ಹೇಳಿದ್ರೆ ನಾನು ನಂಬಲ್ಲ. ರೇಂಜಿನ ಮಧ್ಯದಲ್ಲಿದ್ದಾಗ ಎರಡೂ ಒಂದೇ ಥರ ಕಾಣತ್ತೆ, ಅಲ್ಲಿ ಹೆಸರಿಡೋಕೇ ಹೋಗ್ಬಾರ್ದು.

ಶಿರಸಿಯಿಂದ:
ವಿಲೇವಾರಿ ಅಂದ್ರೆ ನಮ್ಮಲ್ಲಿ ಕಸದ ವಿಲೇವಾರಿ, ಅರ್ಜಿ ವಿಲೇವಾರಿ. ಮೇಲಿನ ದರಕ್ಕೆ ಜಾಣತನದಿಂದ ಮಾರೋದಕ್ಕೆ ಅದು ಹೊಂದೂದಿಲ್ಲ ಅನಿಸ್ತು.

ಮೈಸೂರಿಂದ:
ಕಸ ಅಂದಿದ್ದಕ್ಕೆ ನಗು ಬಂತು, ಕೊನೇಲಿ ಕೊಂಡವರ ಪಾಡು ನೋಡಿದ್ರೆ ಹೊಂದತ್ತೇನೋ. ಸದ್ಯಕ್ಕೆ ಶೇಖರಣೆ, ವಿಲೇವಾರಿ ಅಂತ ಇಟ್ಟು 200–250ರ ಉದಾಹರಣೆನೇ ಹಾಕ್ತೀನಿ. ದಾಸ್ತಾನು ಬಿಟ್ಟೆ, ಅದು ಇಟ್ಕೊಂಡಿರೋ ಮಾಲಿಗೆ ಹೇಳೋದು, ಕೂಡಿಸ್ತಿರೋ ಕೆಲಸಕ್ಕಲ್ಲ. ಸ್ಪ್ರಿಂಗ್‌ಗೆ ಮಾತ್ರ ಏನೂ ಹೊಳೀಲಿಲ್ಲ, "ಹುಸಿಜಾರು" ಅಂದ್ರೆ ಅರ್ಥ ಆಗತ್ತಾ?