ತುರ್ತು: ಡ್ರೈವಿಂಗ್ ಶಾಲೆಯ ಫಲಕಕ್ಕೆ ‘ಟ್ರಾನ್ಸ್‌ಪೋರ್ಟ್ ವೆಹಿಕಲ್’ ಕನ್ನಡದಲ್ಲಿ?

ಸುಮಾ:
ಸಂಜೆಯೊಳಗೆ ಫಲಕ ಅಚ್ಚಿಗೆ ಹೋಗಬೇಕು. ‘LMV ಲೈಸೆನ್ಸ್ ಇದ್ದವರಿಗೆ ಹೆವಿ ತರಬೇತಿ’ ಅಂತ ಕೊಟ್ಟಿದ್ದಾರೆ, LMV ಅಂದರೆ ಲಘು ಮೋಟಾರು ವಾಹನ. ‘ಭಾರಿ ವಾಹನ’ ಅನ್ನಲೇ, ‘ಸಾರಿಗೆ ವಾಹನ’ ಅನ್ನಲೇ? LMVಗಿರುವ 7500 ಕೆ.ಜಿ. ತೂಕದ ಮಿತಿಯನ್ನೂ ಬರೆಯಬೇಕು.

ಶ್ರೀಧರ:
‘ಭಾರಿ’ ಸಂಸ್ಕೃತದ ‘ಭಾರ’ದ ಕೂಸು. ‘ಹೇರು’ ನಮ್ಮದೇ ಮಾತು. ‘ಹೇರುಬಂಡಿ’ ಅನ್ನಿ, ಮುಗಿಯಿತು.

ರಫೀಕ್:
ಬಸ್ಸಿನಲ್ಲಿ ಏನು ಹೇರುತ್ತೀರಿ, ಪ್ರಯಾಣಿಕರನ್ನೇ? ಲಾರಿ, ಬಸ್ಸು ಎರಡಕ್ಕೂ ಈಗ ಒಂದೇ ವರ್ಗ. ಮಧ್ಯಮ ಸರಕು, ಮಧ್ಯಮ ಪ್ರಯಾಣಿಕ, ಭಾರಿ ಸರಕು, ಭಾರಿ ಪ್ರಯಾಣಿಕ ಎಂಬ ನಾಲ್ಕನ್ನೂ ಮೋಟಾರು ವಾಹನ ಕಾಯ್ದೆಯ 1994ರ ತಿದ್ದುಪಡಿ ‘ಸಾರಿಗೆ ವಾಹನ’ದಲ್ಲಿ ಸೇರಿಸಿತು. ಸುಮಾ ಅವರೇ, ಅದನ್ನೇ ಹಾಕಿ.

ನಾಗರಾಜ:
ಸಾರಿಗೆ ವಾಹನದ ಗೊಡವೆಯೇ ಬೇಡ. 2024ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ LMV ಇದ್ದರೆ ಲಾರಿಯನ್ನೂ ಓಡಿಸಬಹುದು.

ರಫೀಕ್:
ಅರ್ಧ ಮಾತ್ರ ಸರಿ. ಒಟ್ಟು ತೂಕ 7500 ಕೆ.ಜಿ. ಮೀರದ ಸಾರಿಗೆ ವಾಹನಕ್ಕಷ್ಟೇ ಆ ತೀರ್ಪು. ಫಲಕದಲ್ಲಿ ಬರೀ ‘ತೂಕ’ ಅಂದರೆ ಎಡವಟ್ಟಾಗುವುದು ಇಲ್ಲೇ. ಲಾರಿಯ ಖಾಲಿ ತೂಕ 4500, ಸರಕು ತುಂಬಿದಾಗಿನ ಅನುಮತಿತ ಒಟ್ಟು ತೂಕ 11000 ಇದ್ದರೆ ಅದು LMV ಅಲ್ಲ. ಖಾಲಿ ಓಡಿಸಿದರೂ ಅಲ್ಲ. ಟ್ರ್ಯಾಕ್ಟರ್, ಕಾರು, ರೋಡ್ ರೋಲರ್‌ಗೆ ಮಾತ್ರ ಖಾಲಿ ತೂಕದ ಲೆಕ್ಕ. ಆರ್‌ಸಿಯಲ್ಲಿ ಎರಡೂ ಇರುತ್ತವೆ, ನೋಡಿಕೊಳ್ಳಿ.

ಗಿರಿಜಾ:
ನಮ್ಮವರ ಹಳೇ ಲೈಸೆನ್ಸಲ್ಲಿ HGV, ಅಂದರೆ ಭಾರಿ ಸರಕು ವಾಹನ ಅಂತಿತ್ತು, ಹೊಸ ಕಾರ್ಡಲ್ಲಿ TRANS ಅಂತಿದೆ. ಲಾರಿ ಓಡಿಸೋ ಹಕ್ಕು ಹೋಯಿತಾ?

ರಫೀಕ್:
ಇಲ್ಲಮ್ಮ, ಹೆಸರಷ್ಟೇ ಬದಲಾಗಿದೆ. ಸುಮಾ ಅವರೇ, ಫಲಕದಲ್ಲಿ ಷರತ್ತನ್ನೂ ಹಾಕಿ: LMV ಲೈಸೆನ್ಸ್ ಸಿಕ್ಕಿ ಒಂದು ವರ್ಷ ಆಗಿರಬೇಕು, ವಯಸ್ಸು 20 ತುಂಬಿರಬೇಕು. 18ಕ್ಕೇ LMV ಪಡೆದ ಹುಡುಗನಿಗೆ 19ಕ್ಕೆ ವರ್ಷ ಮುಗಿಯುತ್ತದೆ, ಆದರೂ ಎಲ್‌ಎಲ್‌ಆರ್ ಕೊಡುವುದಿಲ್ಲ. ಹಣ ಕಟ್ಟಿ ಸೇರಿದ ಮೇಲೆ ಇದು ಗೊತ್ತಾದರೆ ಜಗಳ. ವೈದ್ಯರ ಫಾರಂ 1ಎ, ಶಾಲೆಯ ಫಾರಂ 5 ಎರಡೂ ಬೇಕು. ಎಲ್‌ಎಲ್‌ಆರ್ ಬಂದು 30 ದಿನ ಕಳೆದ ಮೇಲೆ ಪರೀಕ್ಷೆ, ಅದೂ ಆ ವರ್ಗದ ವಾಹನದಲ್ಲೇ.

ಸುಮಾ:
‘ಒಟ್ಟು ತೂಕ’ ಅಂದರೆ ಓದುವವರಿಗೆ ತಿಳಿಯುತ್ತದೆಯೇ?

ಶ್ರೀಧರ:
‘ತುಂಬು ತೂಕ’. ಎರಡೂ ಅಚ್ಚಗನ್ನಡ.

ರಫೀಕ್:
ಇದೊಂದು ಒಪ್ಪಿದೆ. ಆದರೆ ಆರ್‌ಟಿಓ ಕಾಗದದಲ್ಲಿ ‘ಒಟ್ಟು ತೂಕ’ ಅಂತ ಬಂದರೆ ಜನ ಎರಡನ್ನೂ ಬೇರೆ ಬೇರೆ ಅಂದುಕೊಳ್ಳುತ್ತಾರೆ.

ಶ್ರೀಧರ:
ಕಾಗದ ತಿದ್ದಲಿ. ‘ಪರವಾನಗಿ’ಯನ್ನೇ ಪರ್ಷಿಯನ್ನಿನಿಂದ ತಂದುಕೊಂಡವರು ನಾವು!

ನಾಗರಾಜ:
‘ಲೈಸೆನ್ಸ್’ ಮಾತ್ರ ಕನ್ನಡವೋ?

ಸುಮಾ:
‘ಸಾರಿಗೆ ವಾಹನ (ಲಾರಿ, ಬಸ್)’, ‘ತುಂಬಿದ ಒಟ್ಟು ತೂಕ’ ಅಂತ ಕಳಿಸುತ್ತಿದ್ದೇನೆ. ಜಗಳ ನೀವು ಮುಂದುವರಿಸಿ.